ನಮ್ಮೂರಿನ ಭತ್ತದ ಅಜ್ಜನಿಗೆ ಪದ್ಮಶ್ರೀ ನಾಮನಿರ್ದೇಶನ ಬರೀತಾ ಇದೀನಿ, ಸ್ವಲ್ಪ ಓದಿ ಹೇಳ್ತೀರಾ?

ವರದಾ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸೊರಬದ ಕಡೆಯವನು, ಈಗ ಬೆಂಗಳೂರಲ್ಲಿ ಕೆಲಸ. ನಮ್ಮೂರಲ್ಲಿ ಎಪ್ಪತ್ತೆಂಟು ವರ್ಷದ ಒಬ್ಬ ಅಜ್ಜ ಇದಾರೆ (ಅವರಿಗೆ ಹೇಳದೆ ಹೆಸರು ಹಾಕೋದು ಬೇಡ ಅಂತ ಇಲ್ಲಿ ಅಜ್ಜ ಅಂತಷ್ಟೇ ಬರೀತೀನಿ), ಚಿಕ್ಕಂದಿನಿಂದ ನೋಡಿದೀನಿ, ನಾಟಿ ಭತ್ತದ ತಳಿ ಸಿಕ್ಕಿದ್ದೆಲ್ಲಾ ತಂದು ಬೆಳೆದು ಬೀಜ ಇಟ್ಕೊಂಡು ಕೇಳಿದವರಿಗೆಲ್ಲಾ ಕೊಡ್ತಾರೆ. ಅವರಿಗೆ ಪದ್ಮಶ್ರೀಗೆ ನಾಮನಿರ್ದೇಶನ ಹಾಕೋಣ ಅಂತ awards.gov.in ನಲ್ಲಿ ಅಕೌಂಟ್ ಮಾಡಿದೆ. ಸಾಧನೆ ಬಗ್ಗೆ 800 ಪದದ ಒಳಗೆ ಬರೀಬೇಕು ಅಂತ ಇದೆ. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷ್ ಮಾಡೋಣ ಅಂತ ಕೂತೆ, ಶುರುವಿನ ಪ್ಯಾರಾ ಹೀಗಿದೆ:

"ಶ್ರೀಯುತರು ನಿಸ್ವಾರ್ಥ ಸೇವೆಯ ಸಾಕಾರಮೂರ್ತಿ. ಅಪ್ರತಿಮ ಸಾಧಕರಾದ ಇವರು ತಮ್ಮ ಇಡೀ ಬದುಕನ್ನೇ ದೇಸಿ ಭತ್ತಕ್ಕಾಗಿ ಮುಡಿಪಾಗಿಟ್ಟಿದ್ದಾರೆ. 500ಕ್ಕೂ ಹೆಚ್ಚು ಅಪರೂಪದ ತಳಿಗಳನ್ನು ಸಂರಕ್ಷಿಸಿ, ಸಾವಿರಾರು ರೈತರ ಬಾಳಿಗೆ ಬೆಳಕಾಗಿರುವ ಇವರ ಅಮೋಘ ಕಾರ್ಯ ಎಲ್ಲರಿಗೂ ಸ್ಫೂರ್ತಿದಾಯಕ."

ಬರೆದಾಗ ಚೆನ್ನಾಗೇ ಅನ್ಸಿತ್ತು, ರಾತ್ರಿ ಮತ್ತೆ ಓದಿದ್ರೆ ಇದು ಯಾರಿಗೆ ಬೇಕಾದ್ರೂ ಹಾಕಬಹುದಾದ ಸನ್ಮಾನ ಪತ್ರದ ಥರ ಕಾಣ್ತಾ ಇದೆ. ಏನು ತಪ್ಪಾಗ್ತಿದೆ ಹೇಳಿ ಪ್ಲೀಸ್.

ಹೊಸನಗರ_ಹೈದ

ಬ್ರದರ್ ಪ್ಯಾರಾ ಸೂಪರ್ ಇದೆ, ಭಾಷೆ ಇನ್ನೂ ಸ್ವಲ್ಪ ಗಟ್ಟಿ ಮಾಡಿ ಅಷ್ಟೇ. ಎಂಎಲ್ಎ ಹತ್ರ, ಎಂಪಿ ಹತ್ರ ಒಂದೊಂದು ಶಿಫಾರಸು ಪತ್ರ ತಗೊಳ್ಳಿ, ಅದಿಲ್ದೆ ಡೆಲ್ಲೀಲಿ ಫೈಲ್ ಓಪನ್ನೇ ಮಾಡಲ್ಲ. ಆಮೇಲೆ ನಂಬರ್ ಕಮ್ಮಿ ಮಾತ್ರ ಮಾಡ್ಬೇಡಿ. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಬಂತಲ್ಲ, ಅವರದ್ದು 650ಕ್ಕೂ ಜಾಸ್ತಿ ಭತ್ತದ ತಳಿ, ಅದರ ಮುಂದೆ ನಿಮ್ಮದು 500 ಆದ್ರೂ ಇರ್ಲೇಬೇಕು.

ಬೀಜಗಣ್ಣು

@ಹೊಸನಗರ_ಹೈದ ಎಂಎಲ್ಎ ಪತ್ರ ಕಡ್ಡಾಯ ಅಲ್ಲಪ್ಪ. ಯಾರು ಬೇಕಾದ್ರೂ ಯಾರನ್ನ ಬೇಕಾದ್ರೂ ಹೆಸರಿಸಬಹುದು, ತಮ್ಮನ್ನ ತಾವೇ ಹೆಸರಿಸ್ಕೊಳ್ಳೋಕೂ ಅವಕಾಶ ಇದೆ. ನೋಡೋದು ಕ್ಯಾಬಿನೆಟ್ ಕಾರ್ಯದರ್ಶಿ ಅಧ್ಯಕ್ಷರಾಗಿರೋ ಸಮಿತಿ, ಅದರಲ್ಲಿ ಗೃಹ ಕಾರ್ಯದರ್ಶಿ, ರಾಷ್ಟ್ರಪತಿಗಳ ಕಾರ್ಯದರ್ಶಿ, ಜೊತೆಗೆ ನಾಲ್ಕರಿಂದ ಆರು ಜನ ಗಣ್ಯರು. ಅವರ ಯಾರಿಗೂ ನಿಮ್ಮ ಅಜ್ಜನ ಮುಖ ಗೊತ್ತಿರಲ್ಲ, ಬರೆದ ಕಾಗದ ಒಂದೇ ಅವರ ಕೈಲಿರೋದು.

@ವರದಾ_ದಂಡೆ ನಾನು ಬೀಜದ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವಳು, ಜಿಲ್ಲಾ ಮಟ್ಟದ ರೈತ ಪ್ರಶಸ್ತಿಗೆ ಬಂದ ಅರ್ಜಿಗಳನ್ನ ಎಷ್ಟೋ ವರ್ಷ ಓದಿದೀನಿ. ನಿಮ್ಮ ಪ್ಯಾರಾದಲ್ಲಿ ನಾನು ಪರೀಕ್ಷೆ ಮಾಡಬಹುದಾದ ಮಾತು ಎರಡೇ: 500 ತಳಿ, ಸಾವಿರಾರು ರೈತರು. ಮಿಕ್ಕಿದ್ದನ್ನ ಕಣ್ಣು ಹಾರಿಸ್ಕೊಂಡು ಹೋಗುತ್ತೆ. ಈಗ ಆ 500 ನೋಡೋಣ. ಒಂದೊಂದು ತಳಿಗೆ ಹತ್ತಡಿ ಚೌಕದ ಒಂದು ಮಡಿ ಅಂದ್ರೂ ಐವತ್ತು ಸಾವಿರ ಚದರ ಅಡಿ ಆಯ್ತು, ಅದು ಒಂದು ಎಕರೆ ದಾಟಿತು, ಮಡಿಗಳ ಮಧ್ಯೆ ಬಿಡೋ ಜಾಗ ಬೇರೆ. ಭತ್ತದ ಬೀಜ ನಮ್ಮ ಮಳೆ ಸೀಮೇಲಿ ಡಬ್ಬೀಲಿಟ್ರೆ ವರ್ಷ ಎರಡು ವರ್ಷದಲ್ಲಿ ಮೊಳಕೆ ಶಕ್ತಿ ಬಿದ್ದುಹೋಗುತ್ತೆ, ಹಾಗಾಗಿ ಉಳಿಸೋದು ಅಂದ್ರೆ ವರ್ಷಾವರ್ಷ, ಕೊನೇಪಕ್ಷ ವರ್ಷ ಬಿಟ್ಟು ವರ್ಷ ಬಿತ್ತಲೇಬೇಕು. ಅಜ್ಜನ ಹತ್ರ ಗದ್ದೆ ಎಷ್ಟಿದೆ? ಅದರಲ್ಲಿ ತಳಿ ಮಡಿಗೆ ಎಷ್ಟು ಬಿಟ್ಟಿದಾರೆ? 500 ಅನ್ನೋದು ಎಲ್ಲಿಂದ ಬಂತು?

ವರದಾ_ದಂಡೆ

ಮೇಡಂ ನಿಜ ಹೇಳ್ಬೇಕಂದ್ರೆ 500 ಅನ್ನೋದು ಹಿಂದೆ ಒಂದು ಸನ್ಮಾನ ಕಾರ್ಯಕ್ರಮದಲ್ಲಿ ಭಾಷಣಕಾರರು ಹೇಳಿದ್ದು, ಅದನ್ನೇ ಎಲ್ಲರೂ ಹೇಳ್ಕೊಂಡು ಬಂದಿದಾರೆ, ನಾನೂ ಬರೆದೆ. ಗದ್ದೆ ಒಟ್ಟು ಒಂದು ಎಕರೆ ಹತ್ತು ಗುಂಟೆ, ತಳಿ ಮಡಿಗೆ ಹನ್ನೆರಡು ಗುಂಟೆ, ಉಳಿದಿದ್ದು ಮನೆ ಊಟಕ್ಕೆ.

ಬೀಜಗಣ್ಣು

ಹಾಗಾದ್ರೆ ಐನೂರು ಆ ಗದ್ದೇಲಿ ಹಿಡಿಯಲ್ಲ. ಬೆಳೆ ಗೊತ್ತಿರೋ ಒಬ್ಬರು ಸಮಿತೀಲಿದ್ರೆ ಒಂದೇ ನಿಮಿಷಕ್ಕೆ ಇದನ್ನ ಲೆಕ್ಕ ಹಾಕ್ತಾರೆ, ಆಮೇಲೆ ಅಜ್ಜನ ಬಗ್ಗೆ ನೀವು ಬರೆದಿರೋ ಬೇರೆ ಎಲ್ಲಾ ನಿಜದ ಮೇಲೂ ಅನುಮಾನ ಬರುತ್ತೆ. ಅಜ್ಜ ಪುಸ್ತಕ ಬರೆದಿಟ್ಟಿದಾರಾ? ಇದ್ರೆ ಊರಿಗೆ ಹೋದಾಗ ಅದನ್ನ ಇಟ್ಕೊಂಡು ಅವರ ಜೊತೆ ಕೂತು ಮೂರು ಲೆಕ್ಕ ತೆಗೀರಿ. ಪುಸ್ತಕದಲ್ಲಿ ಎಷ್ಟು ಹೆಸರಿದೆ, ಅದರಲ್ಲಿ ಒಂದೇ ಭತ್ತ ಎರಡು ಹೆಸರಲ್ಲಿ ಎಷ್ಟು ಸೇರಿದೆ (ಒಂದೂರಿನ ಹೆಸರು ಇನ್ನೊಂದೂರಲ್ಲಿ ಇರಲ್ಲ, ಹಾಗಾಗಿ ಇದು ಇದ್ದೇ ಇರುತ್ತೆ), ಈ ವರ್ಷವೋ ಹೋದ ವರ್ಷವೋ ನಿಜವಾಗಿ ಗದ್ದೇಲಿ ತೆನೆ ಬಿಟ್ಟಿದ್ದು ಎಷ್ಟು. ಕೊನೇದೇ ನಿಮ್ಮ ನಂಬರ್.

ಲೆಡ್ಜರ್_ಅಕ್ಕ

ಒಳ್ಳೆ ಟಾಪಿಕ್, ನಂಗೂ ಇದೇ ಬೇಕಿತ್ತು. ನಾನು ಒಂದು ಸಹಕಾರಿ ಬ್ಯಾಂಕಲ್ಲಿ ಹನ್ನೊಂದು ವರ್ಷದಿಂದ ಕ್ಲರ್ಕ್, ಈ ಸಲ ಪ್ರಮೋಷನ್‌ಗೆ ಸ್ವಂತ ವರದಿ ಬರ್ಕೊಡಿ ಅಂದಿದಾರೆ. ಶ್ರದ್ಧೆ, ಪ್ರಾಮಾಣಿಕತೆ, ಸಮಯಪಾಲನೆ ಅಂತೆಲ್ಲಾ ಬರೆದಿದೀನಿ, ಇನ್ನೇನು ಸೇರಿಸ್ಲಿ?

ಮೇಷ್ಟ್ರು_ಮಲೆನಾಡು

ಲೆಡ್ಜರ್ ಅಕ್ಕ, ಇದು ಪದ್ಮಶ್ರೀ ಥ್ರೆಡ್, ಆದ್ರೂ ವಿಷ್ಯ ಹತ್ರದ್ದೇ. ನೀವು ಹನ್ನೊಂದು ವರ್ಷದಲ್ಲಿ ಮಾಡಿದ್ದು, ನೀವಿಲ್ದಿದ್ರೆ ಆಗ್ತಿರ್ಲಿಲ್ಲ ಅನ್ನೋದು ಒಂದು ಹೇಳಿ ನೋಡೋಣ?

ಲೆಡ್ಜರ್_ಅಕ್ಕ

ಹಾಗೆ ಕೇಳಿದ್ರೆ ಏನು ಹೇಳ್ಲಿ ಸರ್... ಸಸ್ಪೆನ್ಸ್ ಅಕೌಂಟಲ್ಲಿ ವರ್ಷಗಟ್ಲೆ ತಾಳೆ ಆಗದೆ ನಿಂತಿದ್ದ ಎಂಟ್ರಿಗಳು ನಲವತ್ತೊಂದಿತ್ತು, ಹೋದ ವರ್ಷ ನಾನು ಸಂಜೆ ಕೂತು ಹಳೇ ವೋಚರ್ ತೆಗೆದು ಮೂವತ್ತಾರು ಕ್ಲಿಯರ್ ಮಾಡಿದೆ, ಆಡಿಟ್‌ನವರು ಆ ಆಕ್ಷೇಪಣೆ ಕೈಬಿಟ್ರು. ಆದ್ರೆ ಅದು ಕೆಲಸ ತಾನೆ, ಸಾಧನೆ ಅಂತ ಹೆಂಗೆ ಹಾಕ್ಲಿ?

ಮೇಷ್ಟ್ರು_ಮಲೆನಾಡು

ಅದನ್ನೇ ಹಾಕಿ ತಾಯಿ! ಉಳಿದ ಐದು ಯಾಕೆ ಉಳೀತು ಅನ್ನೋದನ್ನೂ ಒಂದು ಸಾಲು ಬರೀರಿ, ಆಡಿಟ್ ವರದಿ ಪುಟದ ಸಂಖ್ಯೆ ಕೊಡಿ. ಶ್ರದ್ಧೆ ಅನ್ನೋ ಪದ ತೆಗೆದ್ರೂ ಓದೋರಿಗೆ ಅದು ಕಾಣುತ್ತೆ.

ನಂಗೆ ಯಾವಾಗಲೂ ಹರೇಕಳ ಹಾಜಬ್ಬನವರು ನೆನಪಾಗ್ತಾರೆ. ಮಂಗಳೂರಲ್ಲಿ ಕಿತ್ತಳೆ ಮಾರ್ತಿದ್ರು, ಆ ದುಡ್ಡಲ್ಲಿ ತಮ್ಮೂರಿಗೆ ಶಾಲೆ ತಂದ್ರು, ಶಾಲೆ 2000ರಲ್ಲಿ 28 ಮಕ್ಕಳಿಂದ ಶುರುವಾಯ್ತು. ಇಷ್ಟು ಹೇಳಿದ್ರೆ ಸಾಕಲ್ವಾ, ಇದಕ್ಕೆ ಮಹಾನ್ ಅಂತ ಸೇರಿಸಿದ್ರೆ ಹೆಚ್ಚಾಗೋದು ಏನೂ ಇಲ್ಲ.

ವರದಾ_ದಂಡೆ

ಮೇಡಂ, ಶನಿವಾರ ಊರಿಗೆ ಹೋಗಿ ಬಂದೆ. ಪುಸ್ತಕ ಇದೆ, ಒಂದಲ್ಲ ನಾಲ್ಕು, 2009ರಿಂದ ಬರೆದಿದಾರೆ, ಬಲಗಡೆ ಪುಟದಲ್ಲಿ ತಳಿ ಹೆಸರು ಎಲ್ಲಿಂದ ತಂದಿದ್ದು ಯಾವಾಗ ಬಿತ್ತಿದ್ದು, ಎಡಗಡೆ ಪುಟದಲ್ಲಿ ಯಾರು ಎಷ್ಟು ಸೇರು ಬೀಜ ಒಯ್ದರು ಅಂತ. ಹೆಸರು ಒಟ್ಟು 131. ಅಜ್ಜನ ಜೊತೆ ಒಂದೊಂದೇ ಓದಿದಾಗ 23 ಹೆಸರು ಇನ್ನೊಂದು ಹೆಸರಲ್ಲಿ ಆಗ್ಲೇ ಇರೋ ಭತ್ತವೇ ಅಂತ ಅವರೇ ಹೇಳಿದ್ರು. ಅಲ್ಲಿಗೆ 108. ಅದರಲ್ಲಿ 44 ಮೂರು ವರ್ಷದಿಂದ ಬಿತ್ತಿಲ್ಲ, ಡಬ್ಬೀಲಿದೆ. ಹೋದ ಮಳೆಗಾಲದಲ್ಲಿ ಮಡೀಲಿ ಬೆಳೆದಿದ್ದು 64.

ಐನೂರು ಅಂತ ಹೇಳ್ಕೊಂಡು ಬಂದು ಈಗ 64 ಅಂತ ಬರೆಯೋಕೆ ಕೈ ಬರ್ತಾ ಇಲ್ಲ ಮೇಡಂ.

ಹೊಸನಗರ_ಹೈದ

ನೋಡಿ, ನಾನು ಹೇಳಿದ್ದು ಇದಕ್ಕೇ. 650ರ ಮುಂದೆ 64 ಯಾರು ನೋಡ್ತಾರೆ? ಕೊನೇಪಕ್ಷ 131 ಅಂತ ಹಾಕಿ, ಅದೇನು ಸುಳ್ಳಲ್ಲ, ಪುಸ್ತಕದಲ್ಲಿ ಇದೆಯಲ್ಲ.

ಬೀಜಗಣ್ಣು

ಅವರ ಮಾತಲ್ಲಿ ಅರ್ಧ ನಿಜ ಇದೆ, ಎಣಿಕೇಲಿ ಪೈಪೋಟಿಗೆ ಇಳಿದ್ರೆ 64 ಸೋಲುತ್ತೆ, 131 ಹಾಕಿದ್ರೂ ಸೋಲುತ್ತೆ. ಹಾಗಾಗಿ ಎಣಿಕೇಲಿ ಪೈಪೋಟಿಗೆ ಇಳೀಲೇಬಾರದು. 64ನ್ನ ಒಂದು ಸಾಲಲ್ಲಿ ಹೇಗೆ ಎಣಿಸಿದ್ದು ಅಂತ ಸಹಿತ ಬರೆದು ಮುಂದೆ ಹೋಗಿ. ಅಜ್ಜ ಮಾಡಿದ್ದು ಬೇರೆ ಯಾರೂ ಮಾಡದೇ ಇದ್ದದ್ದು ಏನು, ಅದರಿಂದ ಯಾರ ಗದ್ದೇಲಿ ಏನು ಬದಲಾಯ್ತು, ಅದನ್ನ ಹುಡುಕಿ. ನೀವು ವರದಾ ದಂಡೆ ಅಂತ ಹೆಸರಿಟ್ಕೊಂಡಿದೀರಿ, ಅಜ್ಜನ ಹತ್ರ ನೆರೆ ತಡ್ಕೊಳ್ಳೋ ನೆರೆಗೂಳಿ ಭತ್ತ ಇಲ್ವಾ?

ಆ 44 ಡಬ್ಬಿ ಬಿಡ್ಬೇಡಿ. ಒಂದೊಂದರಿಂದ ನೂರು ಕಾಳು ಎಣಿಸಿ ಒದ್ದೆ ಬಟ್ಟೇಲಿ ಸುತ್ತಿಡಿ, ಆರದಂಗೆ ನೋಡ್ಕೊಳ್ಳಿ, ಹದಿನಾಲ್ಕು ದಿನ ಬಿಟ್ಟು ಎಷ್ಟು ಮೊಳೆತಿದೆ ಎಣಿಸಿ. ಹತ್ತು ಮೊಳೆತರೂ ಈ ಸಲ ಬಿತ್ತಿದ್ರೆ ಆ ತಳಿ ಉಳೀತು. ಅರ್ಜಿಗಿಂತ ಇದು ಅರ್ಜೆಂಟ್.

ವರದಾ_ದಂಡೆ

ನೆರೆಗೂಳಿ ಇದೆ ಮೇಡಂ! ಅದರ ಕತೆನೇ ದೊಡ್ಡದು. 2019ರ ಆಗಸ್ಟಲ್ಲಿ ವರದಾ ಉಕ್ಕಿ ನಮ್ಮ ಕೆಳಗಿನ ಬಯಲು ಪೂರ್ತಿ ಮುಳುಗಿತ್ತು, ಹನ್ನೆರಡು ದಿನ ನೀರು ಇಳೀಲಿಲ್ಲ, ಎಲ್ಲರ ಗದ್ದೆ ಕೊಳೀತು, ಅಜ್ಜನ ನೆರೆಗೂಳಿ ಮಾತ್ರ ನೀರಿಳಿದ ಮೇಲೆ ಮತ್ತೆ ಚಿಗುರಿತು. ನಂಗಿದು ಊರಿನ ಮಾತು ಅನ್ನಿಸಿ ಬರೆದೇ ಇರ್ಲಿಲ್ಲ. ಮುಂದಿನ ವರ್ಷ 2020ರ ಪುಟದಲ್ಲಿ ಒಂದೇ ತಿಂಗಳಲ್ಲಿ 14 ಮನೆಯವರು ನೆರೆಗೂಳಿ ಬೀಜ ಒಯ್ದಿದ್ದು ಬರೆದಿದೆ, ಅದಕ್ಕೆ ಹಿಂದಿನ ಹತ್ತು ವರ್ಷದಲ್ಲಿ ನೆರೆಗೂಳಿ ಒಯ್ದವರು ಒಟ್ಟು ಮೂರೇ ಜನ. ಇನ್ನೊಂದು, 2019ರ ಬೆಳೆನಷ್ಟದ ಪಟ್ಟೀಲಿ ಅಕ್ಕಪಕ್ಕದ ಎಲ್ಲಾ ಸರ್ವೆ ನಂಬರ್ ಇದೆ, ಅಜ್ಜಂದು ಇಲ್ಲ. ಇದು ಪುರಾವೆ ಆಗುತ್ತಲ್ಲ?

ಬೀಜಗಣ್ಣು

ಇದೇ ನಿಮ್ಮ ಅರ್ಜಿ. ಮೊದಲನೇ ಪ್ಯಾರಾಕ್ಕೇ ಬರಬೇಕು.

ಆದ್ರೆ ಪಟ್ಟೀನ ಹುಷಾರಾಗಿ ಬಳಸಿ. ಪಟ್ಟೀಲಿ ಹೆಸರಿಲ್ಲ ಅಂದ್ರೆ ಬೆಳೆ ಉಳೀತು ಅಂತ್ಲೇ ಅಲ್ಲ, ಅರ್ಜಿ ಹಾಕದೇ ಇದ್ರೂ ಹೆಸರಿರಲ್ಲ. ಪಕ್ಕದ ಗದ್ದೆಯವರು ಇಬ್ಬರ ಹತ್ರ ನಾಲ್ಕು ಸಾಲು ಬರೆಸ್ಕೊಳ್ಳಿ: ನನ್ನ ಗದ್ದೇಲಿ ಇಂಥ ಭತ್ತ ಇತ್ತು, ಇಷ್ಟು ದಿನ ಮುಳುಗಿತ್ತು, ನಂಗೆ ಇಷ್ಟು ಚೀಲ ಆಯ್ತು, ಅವರಿಗೆ ಇಷ್ಟು ಆಯ್ತು. ಹೊಗಳಿಕೆ ಒಂದು ಪದವೂ ಬೇಡ ಅಂತ ಹೇಳಿ, ಬರೆಸೋಕೆ ಕೂತ್ರೆ ಜನ ಹೊಗಳೋಕೇ ಶುರು ಮಾಡ್ತಾರೆ. ಪಟ್ಟಿ, ಪುಸ್ತಕದ 2020ರ ಪುಟ, ಪಕ್ಕದವರ ಮಾತು, ಮೂರೂ ಒಂದೇ ಕಡೆ ಬೆರಳು ತೋರಿಸಿದ್ರೆ ಗಟ್ಟಿ.

ಕುಮಟಾ_ಗಜನಿ

ನೆರೆಗೂಳಿ ಹೆಸರು ಕೇಳಿ ಬಂದೆ. ನಮ್ಮಲ್ಲಿ ಅಘನಾಶಿನಿ ಅಳಿವೆಯ ಗಜನಿ ಗದ್ದೇಲಿ ಕಗ್ಗ ಭತ್ತ ಹೀಗೇ, ಉಪ್ಪುನೀರು ತಡ್ಕೊಳ್ಳುತ್ತೆ. ನಮ್ಮ ಚಿಕ್ಕಪ್ಪನ ಬಗ್ಗೆ ಒಂದು ಪ್ರಶಸ್ತಿಗೆ ನಾನೂ ಬರೆದಿದ್ದೆ, "ಕಗ್ಗವನ್ನು ಅಳಿವಿನಂಚಿನಿಂದ ಪಾರುಮಾಡಿದ ಏಕೈಕ ರೈತ" ಅಂತ. ಅದೇ ತಪ್ಪಾಯ್ತು, ಪಕ್ಕದ ಊರಲ್ಲಿ ಸುಮಾರು ಜನ ಒಟ್ಟಾಗಿ ಕಗ್ಗ ಬೆಳೀತಾ ಇದ್ರು, ಅವರಿಗೆ ಬೇಜಾರಾಯ್ತು, ಪರಿಶೀಲನೆಗೆ ಬಂದವರಿಗೂ ಅವರೇ ಹೇಳಿದ್ರು. ಏಕೈಕ, ಮೊಟ್ಟಮೊದಲ ಅನ್ನೋ ಪದ ಬರೆಯೋ ಮುಂಚೆ ಪಕ್ಕದ ಮೂರು ಊರು ತಿರುಗಿ ಬನ್ನಿ, ನನ್ನ ಅನುಭವದ ಮಾತು.

ವರದಾ_ದಂಡೆ

ಅಯ್ಯೋ ನಾನೂ ಇಂಗ್ಲಿಷ್ ಡ್ರಾಫ್ಟಲ್ಲಿ ಅದೇ ಅರ್ಥ ಬರೋ ಥರ ಬರೆದಿದ್ದೆ, ತೆಗೆದೆ. ಬನವಾಸಿ ಕಡೆಯೂ ನೆರೆಗೂಳಿ ಬೆಳೆಯೋರು ಇದಾರಂತೆ.

"ಸಾವಿರಾರು ರೈತರು" ಅನ್ನೋದನ್ನೂ ನೋಡಿದೆ. ಎಡಗಡೆ ಪುಟದಲ್ಲಿ ಒಟ್ಟು 318 ಸಲ ಬೀಜ ಕೊಟ್ಟ ಲೆಕ್ಕ, ಜನ ಅಂತ ನೋಡಿದ್ರೆ 207, ಕೆಲವರು ಮತ್ತೆ ಮತ್ತೆ ಒಯ್ದಿದಾರೆ. ಫೋನ್ ನಂಬರ್ ಇದ್ದವರಲ್ಲಿ 40 ಜನಕ್ಕೆ ಕಾಲ್ ಮಾಡಿದೆ, 26 ಜನ ಸಿಕ್ಕಿದ್ರು, ಅದರಲ್ಲಿ 17 ಜನ ಈಗಲೂ ಅಜ್ಜ ಕೊಟ್ಟ ತಳೀನೇ ಬೆಳೀತಿದಾರೆ. ಇದನ್ನ ಹೇಗೆ ಬರೀಲಿ?

ಬೀಜಗಣ್ಣು

ಹೇಗಿದೆಯೋ ಹಾಗೇ. "2009ರಿಂದ 207 ರೈತರಿಗೆ ಬೀಜ ಕೊಟ್ಟ ದಾಖಲೆ ಅವರ ಕೈಬರಹದಲ್ಲಿದೆ. ಅವರಲ್ಲಿ 40 ಜನರಿಗೆ ಕರೆ ಮಾಡಿದಾಗ ಮಾತಿಗೆ ಸಿಕ್ಕ 26 ಜನರಲ್ಲಿ 17 ಜನ ಈಗಲೂ ಆ ತಳಿ ಬೆಳೆಯುತ್ತಿದ್ದಾರೆ."

ಮೇಷ್ಟ್ರು_ಮಲೆನಾಡು

ಮೇಡಂ ಇಲ್ಲಿ ನಂದು ಸ್ವಲ್ಪ ತಕರಾರು. 207 ಸರಿ. 40ಕ್ಕೆ 26, 26ಕ್ಕೆ 17 ಅಂತ ಹೋದ್ರೆ ಓದೋರಿಗೆ "ಒಂಬತ್ತು ಜನ ಬಿಟ್ಟುಬಿಟ್ರು" ಅನ್ನೋದೇ ತಲೇಲಿ ಉಳಿಯುತ್ತೆ. ಇರೋದೇ 800 ಪದ, ಅದರಲ್ಲಿ ನಮ್ಮ ಅಜ್ಜನ ವಿರುದ್ಧ ನಾವೇ ಯಾಕೆ ವಾದ ಮಾಡ್ಬೇಕು? "ಕನಿಷ್ಠ 17 ರೈತರು ಈಗಲೂ ಬೆಳೆಯುತ್ತಿದ್ದಾರೆ" ಅಂದ್ರೆ ಅದೂ ನಿಜವೇ ಅಲ್ವಾ?

ಬೀಜಗಣ್ಣು

ನಿಜವೇ, ಒಪ್ತೀನಿ. ಆದ್ರೆ 207ರ ಪಕ್ಕದಲ್ಲಿ ಬರೀ 17 ಅಂತ ಇದ್ರೆ ಉಳಿದ 190 ಜನ ಬಿಟ್ರು ಅಂತ ಓದ್ಕೊಳ್ತಾರೆ, ನೀವು ಕೇಳಿದ್ದೇ 40 ಜನರನ್ನ ಅನ್ನೋದು ಅವರಿಗೆ ಹೇಗೆ ಗೊತ್ತಾಗ್ಬೇಕು? ನಾನು ಅರ್ಜಿ ಓದುವಾಗ, ಕೇಳಿದ್ದೆಷ್ಟು ಸಿಕ್ಕಿದ್ದೆಷ್ಟು ಅಂತ ಬರೆದವರನ್ನ ಹೆಚ್ಚು ನಂಬ್ತಿದ್ದೆ. ಎಲ್ಲರೂ ನನ್ನ ಥರ ಓದ್ತಾರೆ ಅಂತ ಹೇಳೋಕೆ ಆಗಲ್ಲ, ಆಯ್ಕೆ ಬರೆಯೋರದ್ದು.

ಇನ್ನೊಂದು ಮಾತು. ನಾನು ನಿಮ್ಮ ಜಾಗದಲ್ಲಿದ್ರೆ ಪದ್ಮಶ್ರೀಗೂ ಮೊದಲು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಪ್ರಾಧಿಕಾರದ ಕೆಲಸ ಶುರು ಮಾಡ್ತಿದ್ದೆ, 2001ರ ಕಾಯ್ದೆ ಪ್ರಕಾರ ಇರೋದು. ಅಲ್ಲಿ ರೈತರ ತಳಿ ನೋಂದಣಿಗೆ ರೈತರಿಂದ ಶುಲ್ಕ ತಗೊಳ್ಳಲ್ಲ, ತಳಿ ಉಳಿಸಿದ ರೈತರಿಗೆ 'ಪ್ಲಾಂಟ್ ಜೀನೋಮ್ ಸೇವಿಯರ್' ಅಂತ ಪ್ರಶಸ್ತೀನೂ ಕೊಡ್ತಾರೆ. ನಿಮ್ಮ ಪಂಚಾಯ್ತಿಯ ಜೀವವೈವಿಧ್ಯ ಸಮಿತೀನೋ ಕೃಷಿ ವಿವಿಯವರೋ ಅರ್ಜಿ ದೃಢೀಕರಿಸಬಹುದು, ನಿಮಗೆ ಶಿವಮೊಗ್ಗ ಹತ್ರವೇ ಇದೆ. ಜೊತೆಗೆ ದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆ ಎನ್‌ಬಿಪಿಜಿಆರ್‌ನ ಜೀನ್ ಬ್ಯಾಂಕಿಗೆ ಬೀಜದ ಮಾದರಿ ಹೋದ್ರೆ ಒಂದೊಂದಕ್ಕೂ IC ಅಂತ ಶುರುವಾಗೋ ಒಂದು ನಂಬರ್ ಬರುತ್ತೆ. ಅಂಥ ಇಪ್ಪತ್ತು ನಂಬರ್ ಇದ್ರೂ ನಿಮ್ಮ 64ರಲ್ಲಿ ಇಪ್ಪತ್ತನ್ನ ಬೇರೆಯವರು ನೋಡಿ ಒಪ್ಕೊಂಡಿದಾರೆ ಅಂತಾಯ್ತು. ಹಿಂದೆ ಯಾರಾದ್ರೂ ಬಂದು ಬೀಜ ಒಯ್ದಿದ್ರಾ ಕೇಳಿ ನೋಡಿ, ಎಷ್ಟೋ ಸಲ ರೈತರಿಗೇ ಗೊತ್ತಿರಲ್ಲ.

ಹೊಸನಗರ_ಹೈದ

ಇದು ಗೊತ್ತಿರ್ಲಿಲ್ಲ ಮೇಡಂ, ನಮ್ಮ ಸೋದರಮಾವನ ಹತ್ರ ಹಳೇ ಜೀರಿಗೆ ಸಣ್ಣ ಇದೆ, ಅದಕ್ಕೂ ಮಾಡಿಸ್ಬಹುದಾ?

ಬೀಜಗಣ್ಣು

ಕೇಳಿ ನೋಡಿ, ಆದ್ರೆ ಅದು ಬೆರಕೆ ಇಲ್ಲದ ಬೀಜವಾ ಅಂತ ಮೊದಲು ಗದ್ದೇಲಿ ನೋಡಿ. ತೆನೆ ಬಂದಾಗ ಎತ್ತರ, ಕಾಳಿನ ಬಣ್ಣ, ಮೀಸೆ ಎಲ್ಲಾ ಒಂದೇ ಥರ ಇರ್ಬೇಕು. ಭತ್ತ ತನಗೆ ತಾನೇ ಪರಾಗ ಕಟ್ಟೋ ಬೆಳೆ, ಪಕ್ಕದ ಮಡಿಯಿಂದ ಮೂರು ಮೀಟರ್ ಬಿಟ್ರೆ ಸಾಮಾನ್ಯವಾಗಿ ಸಾಕು, ಬೆರಕೆ ಆಗೋದು ಹೆಚ್ಚಾಗಿ ಕಣದಲ್ಲಿ, ಇಲ್ಲಾ ಹಿಂದಿನ ವರ್ಷ ಉದುರಿದ ಕಾಳು ಎದ್ದು.

ವರದಾ_ದಂಡೆ

ಮೇಡಂ ಈ ಬೆರಕೆ ಮಾತು ಓದಿ ಅಜ್ಜನಿಗೆ ಫೋನ್ ಮಾಡಿದೆ, 64 ಮಡೀಲಿ ಬೆರಕೆ ಆಗದಂಗೆ ಹೇಗೆ ನೋಡ್ಕೊಳ್ತೀರಿ ಅಂತ ಕೇಳಿದ್ರೆ "ಅದು ನನ್ನ ಕೆಲಸ ಅಲ್ಲ ಮಾರಾಯ, ನಿಮ್ಮಜ್ಜಿ ಕೆಲಸ" ಅಂದ್ರು. ಬೆರಕೆ ತೆನೆ ಕಿತ್ತು ಹಾಕೋದು, ಬೀಜದ ತೆನೆ ಆರಿಸೋದು, ಒಂದೊಂದನ್ನೇ ಬೇರೆ ಬೇರೆ ಬಡಿದು ಒಣಗಿಸಿ ಬೂದಿ ಬೆರೆಸಿ ಕಟ್ಟಿಡೋದು ಎಲ್ಲಾ ಅಜ್ಜಿ. ಮತ್ತೆ ಪುಸ್ತಕ ನೋಡಿದೆ, ನಂಗೆ ಆಗ ಹೊಳೆದೇ ಇರ್ಲಿಲ್ಲ, 2009ರಿಂದ 2013ರವರೆಗೆ ಕೈಬರಹ ಬೇರೆ, ಅದು ಅಜ್ಜೀದು. ನನ್ನ ಡ್ರಾಫ್ಟಲ್ಲಿ ಅಜ್ಜಿ ಹೆಸರು ಒಂದು ಕಡೆಯೂ ಇಲ್ಲ.

ಕುಮಟಾ_ಗಜನಿ

ಎಷ್ಟು ಮನೇಲಿ ಹೀಗೇ ಇದೆಯೋ. ನಮ್ಮ ಚಿಕ್ಕಮ್ಮಂದೂ ನಾನು ಬರೀಲಿಲ್ಲ, ಈಗ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಬೀಜಗಣ್ಣು

ಇದು ಸಿಕ್ಕಿದ್ದು ಬಹಳ ಒಳ್ಳೇದಾಯ್ತು. ಪದ್ಮ ಪಟ್ಟೀಲಿ ಇಬ್ಬರಿಗೆ ಸೇರಿಸಿ ಜೋಡಿಯಾಗಿ ಒಂದೇ ಪ್ರಶಸ್ತಿ ಕೊಟ್ಟಿದ್ದೂ ಇದೆ. ಆದ್ರೆ ಅರ್ಜೀನ ಇಬ್ಬರ ಹೆಸರಲ್ಲಿ ಹಾಕ್ಬೇಕಾ, ಅಜ್ಜಿಗೆ ಬೇರೆ ಹಾಕ್ಬೇಕಾ ಅನ್ನೋದನ್ನ ಅವರಿಬ್ಬರನ್ನೂ ಕೂರಿಸಿ ಕೇಳಿ. ಕೊನೇ ದಿನಾಂಕ ಮಾತ್ರ ಪೋರ್ಟಲಲ್ಲೇ ನೋಡ್ಕೊಳ್ಳಿ, ಎಲ್ಲಾ ವರ್ಷ ಒಂದೇ ಇರಲ್ಲ.

ಮೇಷ್ಟ್ರು_ಮಲೆನಾಡು

ಹೊಸ ಪ್ಯಾರಾ ಬರೆದಾಯ್ತಾ? ಹಾಕಿ, ನೋಡೋಣ.

ವರದಾ_ದಂಡೆ

ಇಲ್ಲಿವರೆಗೆ ಆಗಿದ್ದು ಇಷ್ಟು:

"2019ರ ಆಗಸ್ಟ್‌ನಲ್ಲಿ ವರದಾ ನದಿಯ ನೆರೆಯಲ್ಲಿ ಗ್ರಾಮದ ಕೆಳಬಯಲು ಹನ್ನೆರಡು ದಿನ ಮುಳುಗಿತು. ಸುತ್ತಲಿನ ಗದ್ದೆಗಳ ಬೆಳೆ ಕೊಳೆಯಿತು. ಇವರು ಬೆಳೆದಿದ್ದ ನೆರೆಗೂಳಿ ಎಂಬ ನಾಟಿ ಭತ್ತ ಮತ್ತೆ ಚಿಗುರಿ ಅರ್ಧ ಎಕರೆಗೆ ಏಳು ಚೀಲ ಕೊಟ್ಟಿತು. ಅದಕ್ಕೂ ಹಿಂದಿನ ಹತ್ತು ವರ್ಷ ಆ ಬೀಜ ಕೇಳಿದವರು ಮೂವರು. ಇವರು ಪ್ರತಿವರ್ಷ ಬಿತ್ತಿ ಅದನ್ನು ಇಟ್ಟುಕೊಂಡಿದ್ದರು. 2020ರಲ್ಲಿ ಒಂದೇ ತಿಂಗಳಲ್ಲಿ 14 ಕುಟುಂಬಗಳು ಒಯ್ದವು. ಹನ್ನೆರಡು ಗುಂಟೆಯಲ್ಲಿ ಇಂಥ 64 ತಳಿಗಳನ್ನು ಕಳೆದ ಮಳೆಗಾಲದಲ್ಲಿ ಬೇರೆ ಬೇರೆ ಮಡಿಗಳಲ್ಲಿ ಬೆಳೆದಿದ್ದಾರೆ. ಒಂದೇ ತಳಿಯ ಎರಡು ಹೆಸರುಗಳನ್ನು ಒಂದೇ ಎಂದು ಎಣಿಸಲಾಗಿದೆ. ಬೀಜದ ತೆನೆ ಆರಿಸುವುದು, ಬೆರಕೆ ತೆಗೆಯುವುದು, ಬೀಜ ಕಟ್ಟಿಡುವುದು ಅವರ ಪತ್ನಿಯ ಕೆಲಸ. ಮೊದಲ ಐದು ವರ್ಷದ ದಾಖಲೆಯೂ ಅವರ ಕೈಬರಹದ್ದು."

ಏಳು ಚೀಲ ಅನ್ನೋದು ಅಜ್ಜನ ಬಾಯಿಮಾತು, ಪುಸ್ತಕದಲ್ಲಿಲ್ಲ. ಅವತ್ತು ಕಣದಲ್ಲಿದ್ದ ಪಕ್ಕದ ಮನೆಯವರನ್ನ ಕೇಳೋವರೆಗೂ ಅದನ್ನ ಇಡ್ಬೇಕಾ ತೆಗೀಬೇಕಾ ಗೊತ್ತಾಗ್ತಿಲ್ಲ. 17ರ ಸಾಲೂ ಇನ್ನೂ ತೀರ್ಮಾನ ಮಾಡಿಲ್ಲ, ಮೇಷ್ಟ್ರ ಮಾತೂ ಸರಿ ಅನ್ಸುತ್ತೆ, ಮೇಡಂ ಮಾತೂ ಸರಿ ಅನ್ಸುತ್ತೆ.

ಡಬ್ಬಿ ಬೀಜ ಹದಿನಾಲ್ಕು ದಿನ ಆಯ್ತು. 44ರಲ್ಲಿ 9 ಮೊಳೆತಿದೆ. ಅಜ್ಜಿ ಆ ಒಂಬತ್ತಕ್ಕೂ ಸಸಿಮಡಿ ಬೇರೆ ಮಾಡ್ತೀನಿ ಅಂದಿದಾರೆ, ಭಾನುವಾರ ಹೋಗ್ತಾ ಇದೀನಿ.

ಬೀಜಗಣ್ಣು

ಒಂಬತ್ತಕ್ಕೂ ಬಿತ್ತೋವಾಗಲೇ ಹೆಸರಿನ ಗೂಟ ನೆಡಿ, ಸಸಿ ಕಿತ್ತ ಮೇಲೆ ಯಾವುದು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ.